ಬುಲ್ ಫ್ಲ್ಯಾಗ್‌ನಲ್ಲಿ ಕಂಬದ ಎತ್ತರ ಎಲ್ಲಿಂದ ಅಳೆಯಬೇಕು?

ಸುಷ್ಮಾ (ವಿಜಯನಗರ): ರಾಘವೇಂದ್ರ ಸರ್, ದಿನದ ಚಾರ್ಟ್‌ನಲ್ಲಿ ಒಂದು ಷೇರು ನೋಡ್ತಾ ಇದ್ದೇನೆ. ಗುಂಪಿನ ನಿಯಮದಂತೆ ಹೆಸರು ಹಾಕಿಲ್ಲ. ₹340ರಿಂದ ಎರಡು ತಿಂಗಳಲ್ಲಿ ನಿಧಾನವಾಗಿ ₹400ಕ್ಕೆ ಬಂತು. ಮೂರು ವಾರ 390–400ರಲ್ಲೇ ಕೂತಿತ್ತು. ಆಮೇಲೆ ಆರೇ ದಿನದಲ್ಲಿ 480. ಅಲ್ಲಿಂದ ಎಂಟು ದಿನ ಮೆಲ್ಲಗೆ ಇಳಿದು 458 ಮುಟ್ಟಿತು. ನಿನ್ನೆ 474ರಲ್ಲಿ ಕ್ಲೋಸ್. ಕಂಬದ ಎತ್ತರ 140 ಅಂತ ನನ್ನ ಲೆಕ್ಕ, 80 ಅಂತ ನನ್ನ ಗೆಳತಿಯ ಲೆಕ್ಕ. ಯಾವುದು ಸರಿ? ಇನ್ನೊಂದು, ಫ್ಲ್ಯಾಗ್‌ನಲ್ಲಿ ವಾಲ್ಯೂಮ್ ಇಳೀತಾ ಇತ್ತು, ಆದರೆ ಮಧ್ಯೆ ಒಂದು ದಿನ ದಿಢೀರ್ ಅಂತ ಏರಿತು. ಆಗಲೂ ಅದು ಫ್ಲ್ಯಾಗೇನಾ?

ಮಂಜುನಾಥ್: ವಾಲ್ಯೂಮ್ ಪ್ರತಿ ದಿನ ಹಿಂದಿನ ದಿನಕ್ಕಿಂತ ಕಡಿಮೆ ಇರಬೇಕು ಮೇಡಂ. ಒಂದು ದಿನ ಏರಿದರೂ ಪ್ಯಾಟರ್ನ್ ಕೆಟ್ಟ ಹಾಗೆ. ನಾನು ಐದು ನಿಮಿಷದ ಚಾರ್ಟ್‌ನಲ್ಲಿ ಟ್ರೇಡ್ ಮಾಡ್ತೀನಿ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಎಷ್ಟು ಚೆನ್ನಾಗಿ ವಾಲ್ಯೂಮ್ ಒಣಗುತ್ತೆ ಅಂದ್ರೆ, ದಿನಾ ಒಂದೆರಡು ಫ್ಲ್ಯಾಗ್ ಸಿಕ್ಕೇ ಸಿಗುತ್ತೆ.

ರಾಘವೇಂದ್ರ (ರಿಸರ್ಚ್ ಅನಲಿಸ್ಟ್): ಸುಷ್ಮಾ ಅವರೇ, ನಿಮ್ಮ ಗೆಳತಿಯ ಲೆಕ್ಕ ಸರಿ. ಕಂಬ ಶುರುವಾಗೋದು 400ರಲ್ಲಿ. 340ರಿಂದ 400ರವರೆಗೆ ಬಂದದ್ದು ಬೇರೆ ಓಟ, ಅದು ಮುಗಿದು ಮೂರು ವಾರ ವಿರಾಮವೂ ಆಗಿದೆ. ಬೆಲೆ ಆ 390–400ರ ಪಟ್ಟಿಯನ್ನು ದಾಟಿದ ದಿನ ವಾಲ್ಯೂಮ್ ಜಿಗಿದಿರುತ್ತೆ, ಚಾರ್ಟ್ ತೆಗೆದು ನೋಡಿ. ಆ ಕ್ಯಾಂಡಲ್‌ನಿಂದಲೇ ಕಂಬ.

ಇದು ಬರೀ ಟಾರ್ಗೆಟ್ ಪ್ರಶ್ನೆ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಕಂಬವನ್ನು ಉದ್ದ ಮಾಡಿದರೆ ಫ್ಲ್ಯಾಗ್‌ನ ಆಳದ ಲೆಕ್ಕವೂ ಕೆಡುತ್ತೆ. ನಿಮ್ಮ ಷೇರು 480ರಿಂದ 458ಕ್ಕೆ ಇಳಿದಿದೆ, ಅಂದರೆ 22 ರೂಪಾಯಿ. 80ರ ಕಂಬಕ್ಕೆ ಇದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಒಳ್ಳೆಯ ಫ್ಲ್ಯಾಗ್. 140ರ ಕಂಬ ಅಂದುಕೊಂಡರೆ ಅದೇ 22 ರೂಪಾಯಿ ಆರನೇ ಒಂದು ಭಾಗಕ್ಕಿಂತ ಕಡಿಮೆ. ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತೆ.

ಈಗ ಕೆಳಗಿನ ಗಡಿ ನೋಡಿ. ಕಂಬದ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಟ್ಟರೆ ನಾನು ಅದನ್ನು ಫ್ಲ್ಯಾಗ್ ಅನ್ನುವುದಿಲ್ಲ. 80ರ ಲೆಕ್ಕದಲ್ಲಿ ಆ ಗಡಿ 440. 140ರ ಲೆಕ್ಕದಲ್ಲಿ 410. ಅಂದರೆ ಷೇರು 415ಕ್ಕೆ ಬಿದ್ದು ಆರು ದಿನದ ಓಟ ಬಹುತೇಕ ಕರಗಿಹೋಗಿದ್ದರೂ, ನೀವು "ಫ್ಲ್ಯಾಗ್ ಇನ್ನೂ ಇದೆ" ಅಂತ ಕೂತಿರುತ್ತೀರಿ. ದುಡ್ಡು ಹೋಗುವುದು ಇಲ್ಲೇ.

ವಾಲ್ಯೂಮ್ ವಿಷಯಕ್ಕೆ ಬರುವ ಮೊದಲು ದಿನಗಳ ಅಂಕಿ ಹಾಕ್ತೀರಾ?

ಸುಷ್ಮಾ: ಕಂಬಕ್ಕೆ ಮುಂಚೆ ದಿನಕ್ಕೆ ಸುಮಾರು 3 ಲಕ್ಷ ಷೇರು. ಕಂಬದ ಆರು ದಿನ ಸರಾಸರಿ 12 ಲಕ್ಷ. ಫ್ಲ್ಯಾಗ್‌ನ ಎಂಟು ದಿನ ಲಕ್ಷಗಳಲ್ಲಿ: 7, 6, 5, 4, 8, 3.5, 3, 2.8. ನಿನ್ನೆ 7. ಚಾರ್ಟ್‌ನಲ್ಲಿ 20 ದಿನದ ಸರಾಸರಿ ಗೆರೆ ಹಾಕಿದ್ದೇನೆ. ನಿನ್ನೆಯ ಕಡ್ಡಿ ಅದನ್ನು ಸ್ವಲ್ಪ ಮಾತ್ರ ದಾಟಿದೆ. ಅದಕ್ಕೇ ಅನುಮಾನ.

ರಾಘವೇಂದ್ರ: ಆ ಗೆರೆಯೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. ಬ್ರೇಕ್‌ಔಟ್‌ನ ಹಿಂದಿನ 20 ದಿನದಲ್ಲಿ ಕಂಬದ ಆರು ದಿನಗಳೂ ಸೇರಿವೆ. ಕೂಡಿಸಿ ನೋಡಿ. ಕಂಬದ್ದು 72 ಲಕ್ಷ, ಫ್ಲ್ಯಾಗ್‌ನದು 39.3 ಲಕ್ಷ, ಅದಕ್ಕೂ ಮುಂಚಿನ ಆರು ದಿನದ್ದು 18 ಲಕ್ಷ. ಒಟ್ಟು 129.3, ಸರಾಸರಿ ಸುಮಾರು 6.5 ಲಕ್ಷ. ಕಂಬವೇ ಗೆರೆಯನ್ನು ಮೇಲೆತ್ತಿದೆ. ಹಾಗಾಗಿ ಫ್ಲ್ಯಾಗ್‌ನ ದಿನಗಳು ತಾವಾಗಿಯೇ "ಸರಾಸರಿಗಿಂತ ಕಡಿಮೆ" ಅಂತ ಕಾಣುತ್ತವೆ, ಬ್ರೇಕ್‌ಔಟ್ ಸಪ್ಪೆ ಅಂತ ಕಾಣುತ್ತೆ. ಎರಡೂ ಪೂರ್ತಿ ನಿಜ ಅಲ್ಲ.

ನಾನು ಹೋಲಿಸುವುದು ಬೇರೆ ಎರಡರ ಜೊತೆ. ಮೊದಲನೆಯದು, ಕಂಬಕ್ಕೆ ಮುಂಚಿನ ಸಹಜ ವಾಲ್ಯೂಮ್. ಫ್ಲ್ಯಾಗ್‌ನ ಕೊನೆಯ ದಿನಗಳು ಅದರ ಹತ್ತಿರ ಬರಬೇಕು. ನಿಮ್ಮದರಲ್ಲಿ 3, 2.8 ಬಂದಿದೆ, ಚೆನ್ನಾಗಿದೆ. ಲಾಭದಲ್ಲಿ ಇದ್ದವರು ಮಾರಲು ಆತುರ ಪಡುತ್ತಿಲ್ಲ ಅಂತ ಅರ್ಥ. ಎರಡನೆಯದು, ಬ್ರೇಕ್‌ಔಟ್ ದಿನವನ್ನು ಫ್ಲ್ಯಾಗ್‌ನ ಕೊನೆಯ ಮೂರು ದಿನದ ಜೊತೆ ಹೋಲಿಸುವುದು. 3 ಲಕ್ಷದಿಂದ 7 ಲಕ್ಷ, ಎರಡು ಪಟ್ಟಿಗಿಂತ ಜಾಸ್ತಿ. ನನಗೆ ಇಷ್ಟು ಸಾಕು. ಕಂಬದ 12 ಲಕ್ಷವನ್ನೇ ಮತ್ತೆ ನಿರೀಕ್ಷಿಸಬೇಡಿ.

ಇನ್ನು ಆ 8 ಲಕ್ಷದ ದಿನ. ಮಂಜುನಾಥ್ ಹೇಳಿದ ಹಾಗೆ ಪ್ರತಿ ದಿನ ಮೆಟ್ಟಿಲಿನಂತೆ ಇಳಿಯಲೇಬೇಕು ಅಂತಿಲ್ಲ. ಒಟ್ಟು ದಿಕ್ಕು ಇಳಿಮುಖ ಇದ್ದರೆ ಆಯ್ತು. ಆದರೆ ಆ ದಿನದ ಕ್ಯಾಂಡಲ್ ಹೇಗಿತ್ತು ಅನ್ನೋದು ಮುಖ್ಯ. ದೊಡ್ಡ ಕೆಂಪು ಕ್ಯಾಂಡಲ್ ಆಗಿ ದಿನದ ಕನಿಷ್ಠದ ಹತ್ತಿರ ಮುಚ್ಚಿದ್ದರೆ ದೊಡ್ಡ ಕೈ ಯಾವುದೋ ಹೊರಗೆ ಹೋಗುತ್ತಿದೆ, ನಾನಾದರೆ ಬಿಟ್ಟುಬಿಡುತ್ತೇನೆ. ಕೆಳಗೆ ಹೋಗಿ ವಾಪಸ್ ಬಂದು ಮೇಲರ್ಧದಲ್ಲಿ ಮುಚ್ಚಿದ್ದರೆ, ಮಾರಿದ್ದನ್ನೆಲ್ಲ ಯಾರೋ ಕೊಂಡಿದ್ದಾರೆ. ಅವತ್ತು ಬಲ್ಕ್ ಡೀಲ್ ಇತ್ತಾ ಅಂತ ಎನ್‌ಎಸ್‌ಇ ಸೈಟ್‌ನಲ್ಲಿ ನೋಡಿ. ಇದ್ದರೆ ಆ ಕಡ್ಡಿಯನ್ನು ಲೆಕ್ಕಕ್ಕೇ ತಗೋಬೇಡಿ.

ಮಂಜುನಾಥ್, ನಿಮ್ಮ ಮಧ್ಯಾಹ್ನದ ಫ್ಲ್ಯಾಗ್ ಬಗ್ಗೆ ಒಂದು ಮಾತು. 9:15ಕ್ಕೆ ಮಾರ್ಕೆಟ್ ತೆರೆದಾಗ ಮತ್ತು 3:30ಕ್ಕೆ ಮುಚ್ಚುವ ಮುಂಚೆ ವಾಲ್ಯೂಮ್ ಜಾಸ್ತಿ, ಮಧ್ಯೆ ಕಡಿಮೆ. ಇದು ಹೆಚ್ಚುಕಡಿಮೆ ಎಲ್ಲ ಷೇರಿಗೂ, ಎಲ್ಲ ದಿನವೂ. ಬೆಳಗ್ಗೆ ಓಡಿದ ಯಾವ ಷೇರೇ ಆಗಲಿ, 12:30ಕ್ಕೆ ವಾಲ್ಯೂಮ್ ಒಣಗಿದ ಫ್ಲ್ಯಾಗ್ ತರಹವೇ ಕಾಣುತ್ತೆ. ಹಿಂದಿನ ಕೆಲವು ದಿನ ಅದೇ 12:30ಕ್ಕೆ ಎಷ್ಟಿತ್ತು ಅಂತ ಹೋಲಿಸಿ. ಅದಕ್ಕಿಂತಲೂ ಕಡಿಮೆ ಇದ್ದರೆ ಮಾತ್ರ ಅದಕ್ಕೆ ಅರ್ಥ.

ಮಂಜುನಾಥ್: ಹೂಂ, ಇದನ್ನು ಯೋಚಿಸಿರಲಿಲ್ಲ. ಆದರೂ ಮಧ್ಯಾಹ್ನದವು ಕೆಲವು ಕೆಲಸ ಮಾಡಿವೆ ಸರ್.

ಲೋಕೇಶ್ (ಪೀಣ್ಯ): ನನ್ನದೂ ಇದೇ ಕೇಸ್ ಸರ್. ಒಂದು ಸಣ್ಣ ಕಂಪನಿ ಷೇರು, ನಾಲ್ಕು ದಿನ ಸಾಲಾಗಿ 5% ಅಪ್ಪರ್ ಸರ್ಕ್ಯೂಟ್. ಈಗ ಮೂರು ದಿನದಿಂದ ಮೇಲೆಯೇ ಆಡ್ತಾ ಇದೆ. ಫ್ಲ್ಯಾಗ್ ಅಂತ ಇನ್ನಷ್ಟು ತಗೊಳ್ಳಲಾ?

ರಾಘವೇಂದ್ರ: ನಿಮ್ಮದು ಇದೇ ಕೇಸ್ ಅಲ್ಲ ಲೋಕೇಶ್. ಸರ್ಕ್ಯೂಟ್‌ನಲ್ಲಿ ಕೊಳ್ಳುವವರ ಸಾಲು ಇರುತ್ತೆ, ಮಾರುವವರೇ ಇರಲ್ಲ. ಹಾಗಾಗಿ ಕಂಬದಲ್ಲೇ ವಾಲ್ಯೂಮ್ ಕಡಿಮೆ. ಸರ್ಕ್ಯೂಟ್ ತೆರೆದ ದಿನ ಒಮ್ಮೆಗೇ ಜಾಸ್ತಿ ಆಗುತ್ತೆ. ಇಲ್ಲಿ ಫ್ಲ್ಯಾಗ್‌ನ ವಾಲ್ಯೂಮ್ ಪರೀಕ್ಷೆ ತಲೆಕೆಳಗು, ಉಪಯೋಗಕ್ಕೆ ಬರಲ್ಲ. ಅದಕ್ಕಿಂತ ಮುಖ್ಯ, ಇದು ಲೋವರ್ ಸರ್ಕ್ಯೂಟ್‌ಗೆ ತಿರುಗಿದರೆ ನಿಮ್ಮ ಸ್ಟಾಪ್ ಲಾಸ್ ಆರ್ಡರ್ ಸಾಲಿನಲ್ಲಿ ನಿಂತಿರುತ್ತೆ, ಕೊಳ್ಳುವವರು ಸಿಗಲ್ಲ. ಎಷ್ಟು ತಗೋಬೇಕು ಅಂತ ಮಾತ್ರ ಇಲ್ಲಿ ಕೇಳಬೇಡಿ, ಗುಂಪಿನಲ್ಲಿ ಹೇಳೋ ಹಾಗಿಲ್ಲ.

ಗುರುರಾಜ ರಾವ್: ಜೆ.ಸಿ. ರಸ್ತೆಯಲ್ಲಿ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಇದ್ದ ಕಾಲದಲ್ಲಿ ನಾವು ಗ್ರಾಫ್ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಚಾರ್ಟ್ ಬರೀತಿದ್ವಿ. ಟಾರ್ಗೆಟ್ ಬಗ್ಗೆ ನೀವು ಇನ್ನೂ ಹೇಳಿಲ್ಲವಲ್ಲ ರಾಘವೇಂದ್ರ? 80 ಅನ್ನು ಎಲ್ಲಿಗೆ ಕೂಡಿಸೋದು?

ರಾಘವೇಂದ್ರ: ಇಲ್ಲಿ ಒಮ್ಮತ ಇಲ್ಲ ರಾಯರೇ. ಬ್ರೇಕ್‌ಔಟ್ ಆದ ಜಾಗಕ್ಕೆ ಕೂಡಿಸುವವರು ಜಾಸ್ತಿ. ಇವರ ಷೇರಿನಲ್ಲಿ ಇಳಿಜಾರು ಮೇಲ್ಗೆರೆ 470ರ ಆಸುಪಾಸು ಇರಬೇಕು, ಹಾಗಾದರೆ 550. ನಾನು ಫ್ಲ್ಯಾಗ್‌ನ ಕನಿಷ್ಠಕ್ಕೆ ಕೂಡಿಸುತ್ತೇನೆ, 458ಕ್ಕೆ 80 ಸೇರಿಸಿದರೆ 538. ಪೂರ್ತಿ ಕಂಬದಷ್ಟು ಓಡದೆ ನಿಂತುಬಿಡುವ ಫ್ಲ್ಯಾಗ್‌ಗಳು ಬೇಕಾದಷ್ಟು. ಹಾಗಾಗಿ ಅಂದಾಜು ಕೆಳಗಿದ್ದರೇ ನನಗೆ ಸಮಾಧಾನ. ಅರ್ಧ ಕಂಬ ಓಡಿದ ಮೇಲೆ, ಅಂದರೆ 498ರ ಹತ್ತಿರ, ಸ್ವಲ್ಪ ಮಾರುವುದು ನನ್ನ ರೂಢಿ. 474ಕ್ಕೆ ಕೊಂಡು 457ರ ಕೆಳಗೆ ಕ್ಲೋಸ್ ಆದರೆ ಹೊರಬರುತ್ತೇವೆ ಅಂದುಕೊಂಡರೆ ನಷ್ಟ 17 ರೂಪಾಯಿ ಚಿಲ್ಲರೆ, 538ಕ್ಕೆ ಲಾಭ 64.

ಗುರುರಾಜ ರಾವ್: ರೂಪಾಯಿ ಅಲ್ಲ, ಶೇಕಡಾ ಲೆಕ್ಕ ಹಾಕಬೇಕು. 400ರಿಂದ 480 ಅಂದರೆ 20%. 458ರ ಮೇಲೆ 20% ಅಂದರೆ 549 ಚಿಲ್ಲರೆ. ಕಂಬ ದೊಡ್ಡದಾದಷ್ಟೂ ಎರಡು ಲೆಕ್ಕದ ಅಂತರ ಬೆಳೆಯುತ್ತೆ. ಲಾಗ್ ಸ್ಕೇಲ್ ಹಾಳೆ ಮೇಲೆ ಗೆರೆ ಎಳೆದವರಿಗೆ ಇದು ಕಣ್ಣಿಗೇ ಕಾಣ್ತಿತ್ತು.

ರಾಘವೇಂದ್ರ: ಮಾತು ಸರಿ. ಷೇರು ದುಪ್ಪಟ್ಟಾದ ಕಂಬಗಳಲ್ಲಿ ನಾನೂ ಶೇಕಡಾ ನೋಡುತ್ತೇನೆ. 20%ಗೆ ತಲೆ ಕೆಡಿಸಿಕೊಳ್ಳಲ್ಲ.

ಸುಷ್ಮಾ: ಇದೇ ಫ್ಲ್ಯಾಗ್ ಬದಲು ಪೆನೆಂಟ್ ಆಗಿದ್ದರೆ ಏನು ಬದಲಾಗ್ತಿತ್ತು ಸರ್?

ರಾಘವೇಂದ್ರ: ಕಂಬ ಅದೇ, ವಾಲ್ಯೂಮ್ ಓದುವ ರೀತಿಯೂ ಅದೇ. ಬದಲಾಗುವುದು ಕನಿಷ್ಠದ ಅರ್ಥ. ಫ್ಲ್ಯಾಗ್‌ನಲ್ಲಿ ಎರಡು ಗೆರೆ ಜೊತೆಜೊತೆಯಾಗಿ ಇಳಿಯುತ್ತವೆ, ಕನಿಷ್ಠ ಕೊನೆಯ ಹತ್ತಿರ ಸಿಗುತ್ತೆ. ಪೆನೆಂಟ್‌ನಲ್ಲಿ ಎರಡೂ ಗೆರೆ ಕೂಡಿಕೊಳ್ಳುತ್ತಾ ಬರುತ್ತವೆ, ಕನಿಷ್ಠ ಶುರುವಿನ ದಿನಗಳಲ್ಲೇ ಆಗಿಹೋಗಿರುತ್ತೆ. ಅದಕ್ಕೆ ಅಲ್ಲಿ ಬ್ರೇಕ್‌ಔಟ್ ಜಾಗದಿಂದಲೇ ಎಣಿಸುತ್ತೇನೆ. ಮೂರು ವಾರ ದಾಟಿದರೆ ಅದನ್ನು ಪೆನೆಂಟ್ ಅನ್ನಲ್ಲ, ತ್ರಿಕೋನ ಅನ್ನುತ್ತೇನೆ. ಆಗ ಕಂಬದ ಎತ್ತರದ ಲೆಕ್ಕವನ್ನು ನಂಬಲ್ಲ.

ಸುಷ್ಮಾ (ಅದೇ ದಿನ ಸಂಜೆ): ಆ 8 ಲಕ್ಷದ ದಿನ ಬಲ್ಕ್ ಡೀಲ್ ಏನೂ ಇರಲಿಲ್ಲ. ಕ್ಯಾಂಡಲ್ ಮೇಲರ್ಧದಲ್ಲೇ ಮುಚ್ಚಿದೆ. ಆದರೆ ಇವತ್ತು 469ಕ್ಕೆ ಬಂದಿದೆ, ವಾಲ್ಯೂಮ್ 4 ಲಕ್ಷ. ಫೇಲ್ ಆಯ್ತಾ?

ಗುರುರಾಜ ರಾವ್: ನಾನಾಗಿದ್ದರೆ ಹೊರಗೆ. ಮೇಲ್ಗೆರೆ ದಾಟಿದ ಮರುದಿನವೇ ಅದರ ಕೆಳಗೆ ಮುಚ್ಚಿದ್ದು ಒಳ್ಳೆಯ ಲಕ್ಷಣ ಅಲ್ಲ.

ರಾಘವೇಂದ್ರ: ನಾನು ಕಾಯುತ್ತೇನೆ. ಗೆರೆ ದಿನಾ ಒಂದೊಂದು ರೂಪಾಯಿಯಂತೆ ಇಳೀತಾ ಇದೆ, ಇವತ್ತಿನ 469 ಹೆಚ್ಚುಕಡಿಮೆ ಅದರ ಮೇಲೆಯೇ ಕೂತಿದೆ. ಹತ್ತಿದಾಗ 7 ಲಕ್ಷ, ವಾಪಸ್ ಬಂದಾಗ 4 ಲಕ್ಷ. ಇದೇ ಇಳಿತ 8–9 ಲಕ್ಷದಲ್ಲಿ ಆಗಿದ್ದರೆ 457 ಬರುವವರೆಗೂ ಕಾಯುತ್ತಿರಲಿಲ್ಲ. ನಾಳೆ ಕ್ಲೋಸ್ ಆದ ಮೇಲೆ ಬೆಲೆ, ವಾಲ್ಯೂಮ್ ಎರಡೂ ಹಾಕಿ. ಆ ಕಂಪನಿಯ ರೆಸಲ್ಟ್ ಯಾವತ್ತು ಅಂತಲೂ ನೋಡಿಕೊಳ್ಳಿ. ಈ ವಾರವೇ ಇದ್ದರೆ ಈ ಗೆರೆಗಳಿಗೆಲ್ಲ ಬೆಲೆ ಇಲ್ಲ.

ಲೋಕೇಶ್: ನನ್ನದು ಇವತ್ತು ಲೋವರ್ ಸರ್ಕ್ಯೂಟ್ ಸರ್.