ಅಣ್ಣ ತೀರಿಕೊಂಡಿದ್ದಾನೆ, ಮನೆ ಅವನ ಹೆಸರಲ್ಲಿದೆ, ಸಾಲದ ಪತ್ರದಲ್ಲಿ ನನ್ನ ಸಹಿಯೂ ಇದೆ

ಕೇಳಿದವರು

ಅಣ್ಣ ಎರಡು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡ. ಮನೆಯ ಕ್ರಯಪತ್ರ ಅವನೊಬ್ಬನ ಹೆಸರಲ್ಲಿದೆ. ಅವನ ಸಂಬಳ ಸಾಲದು ಅಂದಿದ್ದಕ್ಕೆ ಆಗ ನಾನು ಸಹ-ಸಾಲಗಾರನಾಗಿ ಸಹಿ ಹಾಕಿದ್ದೆ. ಈಗ 28 ಲಕ್ಷ ಬಾಕಿ ಇದೆ, ತಿಂಗಳಿಗೆ 31,000 ಕಂತು. ಬ್ಯಾಂಕಿನವರು ನನಗೇ ಫೋನ್ ಮಾಡುತ್ತಿದ್ದಾರೆ. ಆ ಮನೆಯಲ್ಲಿ ಅತ್ತಿಗೆ, ಅವರ 9 ವರ್ಷದ ಮಗಳು ಮತ್ತು ನಮ್ಮ ಅಮ್ಮ ಇದ್ದಾರೆ. ಕಟ್ಟಬೇಕಾದವರು ಯಾರು? ಅನುಭವ ಇದ್ದವರು ದಯವಿಟ್ಟು ಹೇಳಿ.

ಖಾಸಗಿ ಕಂಪನಿಯ ಉದ್ಯೋಗಿ

ನಿಮ್ಮ ಅತ್ತಿಗೆ ಸಹಿ ಹಾಕಿಲ್ಲ ಅಂದಮೇಲೆ ಅವರು ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. ಸತ್ತವರ ಸಾಲಕ್ಕೆ ಹೆಂಡತಿ ಮಕ್ಕಳನ್ನು ಹಿಡಿಯುವಂತಿಲ್ಲ. ನಮ್ಮ ಸಂಬಂಧಿಕರೊಬ್ಬರು ಹೋದಾಗ ಅವರ ಪಿಎಫ್ ಹಣವನ್ನು ಬ್ಯಾಂಕ್ ಮುಟ್ಟಲು ಆಗಲಿಲ್ಲ. ಹೆದರಬೇಡಿ, ಮನೆಗೂ ಏನೂ ಆಗಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಲಿನವರ ಮಾತಿನಲ್ಲಿ ಅರ್ಧ ಸರಿ ಇದೆ. ಪಿಎಫ್ ವಿಷಯ ನಿಜ. ಸದಸ್ಯ ತೀರಿಕೊಂಡ ಮೇಲೆ ನಾಮಿನಿಗೆ ಸೇರುವ ಪಿಎಫ್ ಹಣಕ್ಕೆ ಅವನ ಸಾಲ ಅಂಟುವುದಿಲ್ಲ ಎಂದು ಪಿಎಫ್ ಕಾಯ್ದೆಯಲ್ಲೇ ಬರೆದಿದೆ. ಅತ್ತಿಗೆಯ ಸ್ವಂತ ಸಂಬಳಕ್ಕೂ ಒಡವೆಗೂ ಬ್ಯಾಂಕ್ ಕೈ ಹಾಕುವಂತಿಲ್ಲ. ವಾರಸುದಾರರ ಹೊಣೆ ತೀರಿಕೊಂಡವರಿಂದ ಕೈಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಂ ಹೇಳುವುದೂ ಇದನ್ನೇ.

ಆದರೆ "ಮನೆಗೂ ಏನೂ ಆಗಲ್ಲ" ಅನ್ನುವುದು ತಪ್ಪು. ಆ ಮನೆ ಅಡಮಾನದಲ್ಲಿದೆ. ವಾರಸುದಾರರಿಗೆ ಮನೆ ಬರುವುದು ಸಾಲದ ಸಮೇತ. ಕಂತು 90 ದಿನ ಮೀರಿ ನಿಂತರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಅಂತ ಆಗುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಬರುತ್ತದೆ. ಅದಕ್ಕೂ ಹಣ ಕಟ್ಟದಿದ್ದರೆ ಬ್ಯಾಂಕ್ ಸಿವಿಲ್ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು.

ಇನ್ನು ನಿಮ್ಮ ವಿಷಯ. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲರಿಗಿಂತ ಕಷ್ಟದ ಜಾಗದಲ್ಲಿ ಇರುವವರು ನೀವು. ಸಹ-ಸಾಲಗಾರನ ಹೊಣೆ ಅರ್ಧ ಸಾಲಕ್ಕಲ್ಲ, ಪೂರ್ತಿ ಸಾಲಕ್ಕೆ. ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ ಬ್ಯಾಂಕ್ ಇಬ್ಬರಲ್ಲಿ ಯಾರನ್ನಾದರೂ ಪೂರ್ತಿ ಹಣ ಕೇಳಬಹುದು. ಮನೆಯಲ್ಲಿ ನಿಮಗೆ ಪಾಲು ಇದೆಯೋ ಇಲ್ಲವೋ ಅದನ್ನು ಬ್ಯಾಂಕ್ ನೋಡುವುದಿಲ್ಲ. ಕಂತು ತಪ್ಪಿದರೆ ಸಿಬಿಲ್‌ನಲ್ಲಿ ಪೆಟ್ಟು ಬೀಳುವುದೂ ನಿಮಗೇ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಸಾಲ ಮಂಜೂರಾದ ಪತ್ರ ಮತ್ತು ಮೊದಲ ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ಸಾಲದ ಮೊತ್ತಕ್ಕೆ ವಿಮೆಯ ಪ್ರೀಮಿಯಂ ಸೇರಿಸಿದ್ದಾರಾ? ಸಾಲಗಾರ ತೀರಿಕೊಂಡರೆ ಸಾಲಕ್ಕೆ ಹಣ ಕೊಡುವ ಹೀಗೊಂದು ವಿಮೆ ಇರುವುದೇ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಕೆಲವು ಶಾಖೆಗಳು ತಾವಾಗಿ ಹೇಳುವುದೂ ಇಲ್ಲ.

ಕೇಳಿದವರು

ಸರ್, ನೋಡಿದೆ. ಒಂದೇ ಸಲಕ್ಕೆ ಕಟ್ಟಿದ ಪ್ರೀಮಿಯಂ ಅಂತ 6 ವರ್ಷದ ಹಿಂದಿನ ನಮೂದು ಇದೆ. ಅತ್ತಿಗೆ ಕಪಾಟಿನಲ್ಲಿ ಪಾಲಿಸಿಯೂ ಸಿಕ್ಕಿತು. ವಿಮೆ ಅಣ್ಣನ ಹೆಸರಿಗೆ ಮಾತ್ರ. ಒಳಗಿರುವ ಪಟ್ಟಿಯಲ್ಲಿ ಈ ವರ್ಷಕ್ಕೆ 22.5 ಲಕ್ಷ ಅಂತಿದೆ. ಬಾಕಿ 28 ಲಕ್ಷ ಇರುವಾಗ ಇದು ಕಡಿಮೆ ಹೇಗಾಯಿತು?

ನಿವೃತ್ತ ಬ್ಯಾಂಕ್ ಅಧಿಕಾರಿ

ಸಾಲ ಇಳಿದಂತೆ ವಿಮೆಯೂ ಇಳಿಯುವ ಪಾಲಿಸಿ ಅದು. ಆ ಪಟ್ಟಿಯನ್ನು ಮೊದಲ ದಿನದ ಬಡ್ಡಿ ದರ ಹಿಡಿದು ಹಾಕಿರುತ್ತಾರೆ. ನಡುವೆ ಬಡ್ಡಿ ಏರಿತು. ಕಂತು ಹೆಚ್ಚಿಸುವ ಬದಲು ಬ್ಯಾಂಕ್ ಅವಧಿಯನ್ನು ಉದ್ದ ಮಾಡಿರಬೇಕು. ಹಾಗಾಗಿ ನಿಮ್ಮ ಸಾಲ ನಿಧಾನವಾಗಿ ಇಳಿಯಿತು. ಪಟ್ಟಿ ಮಾತ್ರ ತನ್ನ ಪಾಡಿಗೆ ಇಳಿಯುತ್ತಾ ಹೋಯಿತು. ಆ ಅಂತರವೇ 5.5 ಲಕ್ಷ.

ಇನ್ನೆರಡು ವಿಷಯ ಪಾಲಿಸಿಯಲ್ಲೇ ನೋಡಿಕೊಳ್ಳಿ. ಅದು ಜೀವವಿಮೆಯೋ ಅಥವಾ ಬರೀ ಅಪಘಾತಕ್ಕೆ ಇರುವುದೋ? ಅಪಘಾತದ್ದು ಮಾತ್ರ ಆಗಿದ್ದರೆ ಹೃದಯಾಘಾತಕ್ಕೆ ಏನೂ ಸಿಗುವುದಿಲ್ಲ. ಜೀವವಿಮೆ ಆಗಿದ್ದು 3 ವರ್ಷ ದಾಟಿದ್ದರೆ, "ಮೊದಲೇ ಕಾಯಿಲೆ ಇತ್ತು, ಹೇಳಲಿಲ್ಲ" ಅಂತ ಕಂಪನಿ ತಕರಾರು ತೆಗೆಯಲು ವಿಮಾ ಕಾಯ್ದೆಯ 45ನೇ ಕಲಂ ಬಿಡುವುದಿಲ್ಲ. ನಿಮ್ಮದು 6 ವರ್ಷದ್ದು, ಒಳ್ಳೆಯದಾಯಿತು.

ಕ್ಲೇಮ್ ಹಾಕಿದೆವಲ್ಲ ಅಂತ ಕಂತು ನಿಲ್ಲಿಸಬೇಡಿ. 28 ಲಕ್ಷಕ್ಕೆ 8.5% ಬಡ್ಡಿ ಅಂದರೂ ತಿಂಗಳಿಗೆ ಸುಮಾರು 19,800 ರೂಪಾಯಿ ಬೆಳೆಯುತ್ತದೆ. ಕ್ಲೇಮ್‌ಗೆ 3 ತಿಂಗಳು ಹಿಡಿದರೆ ಹತ್ತಿರ ಹತ್ತಿರ 60,000. ಈ ಬಡ್ಡಿಯನ್ನು ವಿಮಾ ಕಂಪನಿ ಕೊಡುವುದಿಲ್ಲ.

ಶಾಲಾ ಶಿಕ್ಷಕಿ

ನಮ್ಮ ತಂದೆಯವರ ಸಾಲದಲ್ಲಿ ಸಹ-ಸಾಲಗಾರರು ಇರಲಿಲ್ಲ, ಅವರೊಬ್ಬರದೇ ಸಹಿ. ಅವರು ಹೋದ ಮೇಲೆ ಶಾಖೆಯಿಂದ ನನ್ನನ್ನೂ ತಮ್ಮನನ್ನೂ ಕರೆದರು. "ವಾರಸುದಾರರ ದಾಖಲೆಗೆ ಒಂದು ಸಹಿ ಬೇಕು" ಅಂದರು. ಮುಂದಿಟ್ಟ ಕಾಗದವನ್ನು ಪೂರ್ತಿ ಓದಿದೆ. ಸಾಲಗಾರರು ಅನ್ನುವ ಕಡೆ ನಮ್ಮಿಬ್ಬರ ಹೆಸರು ಇತ್ತು! ಅಂದರೆ ಅದು ಹೊಸ ಸಾಲದ ಕರಾರು. ಅದಕ್ಕೆ ಸಹಿ ಹಾಕಿದ್ದರೆ ತಂದೆಯ ಆಸ್ತಿಯಷ್ಟಕ್ಕೆ ಮಾತ್ರ ಇದ್ದ ಹೊಣೆ ನಮ್ಮ ಸಂಬಳದ ಮೇಲೂ ಬರುತ್ತಿತ್ತು.

ನಾವು ಹಾಕಲಿಲ್ಲ. ಆ ಮನೆ ಉಳಿಸಿಕೊಳ್ಳುವ ಯೋಚನೆ ನಮಗೆ ಇರಲಿಲ್ಲ. ಮಾರಲು ಬ್ಯಾಂಕಿನ ಒಪ್ಪಿಗೆ ಪತ್ರ ತೆಗೆದುಕೊಂಡೆವು. ಕೊಂಡವರ ಬ್ಯಾಂಕೇ ನೇರವಾಗಿ ನಮ್ಮ ಸಾಲ ತೀರಿಸಿತು, ಮಿಕ್ಕಿದ್ದು ನಮಗೆ ಬಂತು. ಮನೆ ಬೇಕೇ ಬೇಕು ಅನ್ನುವವರು ಸಹಿ ಹಾಕಿ ಸಾಲ ಮುಂದುವರಿಸುವುದು ತಪ್ಪೇನಲ್ಲ. ಏನಕ್ಕೆ ಸಹಿ ಹಾಕುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು, ಅಷ್ಟೇ. ನಿಮ್ಮ ಅತ್ತಿಗೆಯ ಮುಂದೆಯೂ ಇಂಥ ಕಾಗದ ಬರಬಹುದು, ಹೇಳಿಡಿ.

ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು

ಯಾರೂ ಅಮ್ಮನ ವಿಷಯ ಎತ್ತಲಿಲ್ಲ. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮ ಸಮ. ಅಂದರೆ ಅತ್ತಿಗೆ, ಮಗಳು, ನಿಮ್ಮ ಅಮ್ಮ ಮೂವರಿಗೂ ಮೂರನೇ ಒಂದು ಪಾಲು. ತಮ್ಮನಾದ ನಿಮಗೆ ಏನೂ ಇಲ್ಲ. ಸಾಲ ತೀರಿದ ಮೇಲೆ ಮೂಲ ಪತ್ರಗಳೂ ವಾರಸುದಾರರಿಗೇ ಹೋಗುತ್ತವೆ, ಹಣ ಕಟ್ಟಿದ ನಿಮಗಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷವನ್ನೂ ಈಗಲೇ ಮಾಡಿಸಿಡಿ.

ಮಾರುವ ಯೋಚನೆ ಇದ್ದರೆ ಮಗು ಅಪ್ರಾಪ್ತ ವಯಸ್ಸಿನದು ಅನ್ನುವುದು ನೆನಪಿರಲಿ. ಅವಳ ಪಾಲು ಮಾರಲು ಕೋರ್ಟ್ ಅನುಮತಿ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕಂತು ಮಾತ್ರ ಕಾಯುವುದಿಲ್ಲ.

ಗೃಹಿಣಿ

ನಾನು ನಮ್ಮ ಯಜಮಾನರ ಬ್ಯಾಂಕ್ ಖಾತೆಗೆ ನಾಮಿನಿ. ಹಾಗಾದರೆ ಅವರ ಸಾಲಕ್ಕೂ ನಾನೇ ಜವಾಬ್ದಾರಳಾ? ಇದನ್ನು ಓದಿ ಭಯವಾಯಿತು.

ನಿವೃತ್ತ ಬ್ಯಾಂಕ್ ಅಧಿಕಾರಿ

ಇಲ್ಲ ಮೇಡಂ. ಠೇವಣಿಗೆ ನಾಮಿನಿ ಆದರೆ ಸಾಲಕ್ಕೆ ಸಹಿ ಹಾಕಿದಂತೆ ಆಗುವುದಿಲ್ಲ. ಸಾಲದ ಪತ್ರದಲ್ಲಿ ಸಹ-ಸಾಲಗಾರರು ಅಥವಾ ಜಾಮೀನುದಾರರು ಅಂತ ನಿಮ್ಮ ಸಹಿ ಇದೆಯಾ, ಅದನ್ನು ನೋಡಿ.

ಕೇಳಿದವರು

ಪಾಲಿಸಿ ಜೀವವಿಮೆಯೇ, ಓದಿ ಖಚಿತ ಮಾಡಿಕೊಂಡೆ. ಅತ್ತಿಗೆ ಕ್ಲೇಮ್ ಅರ್ಜಿ ಹಾಕಿ ಸ್ವೀಕೃತಿ ತೆಗೆದುಕೊಂಡಿದ್ದಾರೆ. ಕಂತನ್ನು ಸದ್ಯಕ್ಕೆ ನಾನು ಕಟ್ಟುತ್ತೇನೆ, ಅತ್ತಿಗೆಯನ್ನು ಈ ಹೊತ್ತಿನಲ್ಲಿ ಹಣ ಕೇಳಲು ಮನಸ್ಸು ಬರಲ್ಲ. ಆದರೆ ವಿಮೆ ಕಳೆದು ಉಳಿಯುವ 5.5 ಲಕ್ಷವನ್ನೂ ನಾನೇ ಕಟ್ಟಿದರೆ ಅದು ವಾಪಸ್ ಸಿಗುತ್ತದಾ? ನನಗೂ ಇಬ್ಬರು ಮಕ್ಕಳಿದ್ದಾರೆ.

ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು

ಅರ್ಧ ಸಿಗುತ್ತದೆ. ಇಬ್ಬರು ಸಾಲಗಾರರಲ್ಲಿ ಒಬ್ಬ ಪೂರ್ತಿ ಕಟ್ಟಿದರೆ ಇನ್ನೊಬ್ಬನ ಸಮಪಾಲು ಕೇಳಬಹುದು. ಅಣ್ಣನ ಪಾಲನ್ನು ಅವನ ಆಸ್ತಿಯಿಂದ, ಅಂದರೆ ಆ ಮನೆಯಿಂದ ಕೇಳಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ

ಅರ್ಧಕ್ಕೇ ನಿಲ್ಲಿಸಬೇಡಿ. ಸಮಪಾಲು ಅನ್ನುವುದು ಬೇರೆ ಉದ್ದೇಶ ಕಾಣದಿದ್ದಾಗ ಮಾತ್ರ. 43ನೇ ಕಲಂನಲ್ಲೇ ಹಾಗಿದೆ. ಮನೆ ಅಣ್ಣನದು, ಸಾಲದ ಹಣ ಹೋಗಿದ್ದು ಆ ಮನೆಗೆ, 6 ವರ್ಷದ ಕಂತು ಅವನ ಖಾತೆಯಿಂದಲೇ ಹೋಗಿದೆ ಅಂದರೆ, ನಿಮ್ಮ ಸಹಿ ಬರೀ ಆಸರೆಗೆ ಅಂತ ವಾದಿಸಲು ಜಾಗ ಇದೆ. ಆಗ ಪೂರ್ತಿ ಕೇಳಬಹುದು.

ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು

ವಾದಿಸಬಹುದು ಸರ್, ಸಾಬೀತು ಮಾಡುವುದು ಯಾರ ತಲೆಗೆ? ಇವರ ತಲೆಗೇ ಅಲ್ವಾ. ಮನೆಯವರ ಮೇಲೆ ಕೋರ್ಟಿಗೆ ಹೋಗುವ ಹಾಗೆ ಆಗಬಾರದು. ಅದಕ್ಕೇ ಈಗಲೇ ಒಂದು ಒಪ್ಪಂದ ಬರೆಸಿ. ಇವರು ಇಂತಿಷ್ಟು ಕಟ್ಟುತ್ತಾರೆ, ಮನೆ ಮಾರಿದಾಗ ಅಥವಾ ಇಂತಿಷ್ಟು ವರ್ಷದೊಳಗೆ ವಾರಸುದಾರರು ಅದನ್ನು ಹಿಂತಿರುಗಿಸುತ್ತಾರೆ ಅಂತ. ಅತ್ತಿಗೆ, ಅಮ್ಮ ಇಬ್ಬರೂ ಸಹಿ ಹಾಕಲಿ. ಮಗುವಿನ ಪಾಲಿಗೆ ಅತ್ತಿಗೆಯ ಸಹಿ ಎಷ್ಟು ನಿಲ್ಲುತ್ತದೆ ಅನ್ನುವುದನ್ನು ಮಾತ್ರ ನಿಮ್ಮ ವಕೀಲರ ಹತ್ತಿರವೇ ಕೇಳಿ.

ಶಾಲಾ ಶಿಕ್ಷಕಿ

ಕಂತನ್ನು ಅತ್ತಿಗೆಯ ಕೈಗೆ ನಗದು ಕೊಟ್ಟು ಕಟ್ಟಿಸಬೇಡಿ. ನಿಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೇ ಹೋಗಲಿ. ಯಾರು ಎಷ್ಟು ಕಟ್ಟಿದರು ಅನ್ನುವುದಕ್ಕೆ ಆಮೇಲೆ ಸ್ಟೇಟ್‌ಮೆಂಟ್ ಒಂದೇ ಸಾಕ್ಷಿ.

ಕೇಳಿದವರು

ಆಯ್ತು, ಈ ತಿಂಗಳಿಂದ ಹಾಗೇ ಮಾಡುತ್ತೇನೆ. ಅತ್ತಿಗೆಗೆ ಕೆಲಸ ಇದೆ. ಅವರು ಸಾಲಗಾರರಾಗಿ ಬಂದರೆ ನನ್ನ ಹೆಸರು ತೆಗೆಯುತ್ತಾರಾ?

ನಿವೃತ್ತ ಬ್ಯಾಂಕ್ ಅಧಿಕಾರಿ

ತೆಗೆಯಲೇಬೇಕು ಅನ್ನುವ ನಿಯಮವಿಲ್ಲ. 28 ಲಕ್ಷ ಇರುವಾಗ ಕೇಳಿದರೆ ಒಪ್ಪುವುದು ಕಷ್ಟ. ವಿಮೆ ಹಣ ಬಂದು 5.5 ಲಕ್ಷಕ್ಕೆ ಇಳಿದ ಮೇಲೆ ಅವರ ಸಂಬಳದ ಚೀಟಿ ಇಟ್ಟು ಲಿಖಿತವಾಗಿ ಕೇಳಿ. ಆದರೆ ಶಿಕ್ಷಕಿಯವರು ಹೇಳಿದ್ದು ಆಗ ಅತ್ತಿಗೆಗೂ ಬರುತ್ತದೆ, ಅವರ ಸಂಬಳವೂ ಹೊಣೆಗೆ ಸೇರುತ್ತದೆ. ಅದನ್ನು ಮೊದಲು ಅವರಿಗೆ ಬಿಡಿಸಿ ಹೇಳಿ, ಆಮೇಲೆ ಶಾಖೆಗೆ ಹೋಗಿ.