ರಾತ್ರಿ ಉಳಿದ ಅನ್ನ, ನುಚ್ಚು: ನಿಮ್ಮ ಅನುಭವ ಹೇಳಿ

ಧಾರವಾಡ ರೂಮ್ ಹುಡುಗ: ನಾವು ಮೂವರು ರೂಮ್ ಮಾಡಿದ್ದೇವೆ, ಫ್ರಿಜ್ ಇಲ್ಲ. ರಾತ್ರಿ ಉಳಿದ ಅನ್ನ, ಜೋಳದ ನುಚ್ಚು ಕುಕ್ಕರಿನಲ್ಲೇ ಬಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕಿ ತಿನ್ನುತ್ತೇವೆ. ಮೊನ್ನೆ ಒಬ್ಬನಿಗೆ ವಾಂತಿ. ಇದರಿಂದಲೇ ಆಯ್ತಾ?

ಹಾವೇರಿ ಅಕ್ಕ: ನನ್ನ ಕಥೆ ಕೇಳು ತಮ್ಮಾ. ಹೋದ ವರ್ಷ ಏಪ್ರಿಲ್, ಮಗಳ ಪರೀಕ್ಷೆ. ರಾತ್ರಿ ಎಂಟಕ್ಕೆ ಮಾಡಿದ ಅನ್ನ ಡಬರಿಯಲ್ಲಿ ಮುಚ್ಚಿಟ್ಟಿದ್ದೆ, ಬೆಳಿಗ್ಗೆ ಏಳಕ್ಕೆ ಚಿತ್ರಾನ್ನ ಮಾಡಿ ಡಬ್ಬಿ ಕಟ್ಟಿದೆ. ವಾಸನೆ ಇಲ್ಲ, ಅಂಟಿಲ್ಲ, ರುಚಿ ಸರಿಯಾಗೇ ಇತ್ತು. ಹತ್ತಕ್ಕೆ ಪರೀಕ್ಷಾ ಕೋಣೆಯಲ್ಲೇ ವಾಂತಿ, ನಾಲ್ಕು ಸಲ. ಆಟೋ 160, ಡಾಕ್ಟರ್ 300, ಎರಡು ಸಲೈನ್ ಬಾಟಲಿ ಸೇರಿ 1,450, ಮೇಲೆ ಔಷಧಿ 380. ಸಂಜೆಗೆ ಹುಡುಗಿ ಎದ್ದು ಕೂತಳು. ಗಣಿತದ ಪೇಪರ್ ಹೋಯ್ತಲ್ಲ, ಅದನ್ನು ಯಾರು ಕೊಡ್ತಾರೆ?

ಹುಬ್ಬಳ್ಳಿ ನಿವೃತ್ತ: ತಂಗಳು ಉಂಡು ಬೆಳೆದವರು ನಾವು. ಚೆನ್ನಾಗಿ ಕುದಿಸಿದರೆ ಯಾವ ಕ್ರಿಮಿಯೂ ಉಳಿಯಲ್ಲ. ನಿಮ್ಮ ಮಗಳಿಗೆ ಬಿಸಿಲು ಬಡಿದಿರಬೇಕು.

ಹಾವೇರಿ ಅಕ್ಕ: ಪರೀಕ್ಷಾ ಕೋಣೆಯಲ್ಲಿ ಯಾವ ಬಿಸಿಲು ರೀ?

ಗದಗ ಅಡುಗೆ ಭಟ್ಟ: ಹಿರಿಯರು ಅರ್ಧ ಸರಿ. ಮದುವೆ ಅಡುಗೆ ಮಾಡಿ ಇಪ್ಪತ್ತೆರಡು ವರ್ಷ ಆಯ್ತು, ಒಂದು ಸಲ ಪೆಟ್ಟು ತಿಂದ ಮೇಲೆ ಕಲಿತದ್ದು ಹೇಳ್ತೀನಿ. ಅಕ್ಕಿಯಲ್ಲೇ ಬರುವ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್. ಅದರ ಬೀಜದಂಥ ರೂಪ ಅನ್ನ ಬೇಯುವಾಗಲೂ ಸಾಯಲ್ಲ. ಅನ್ನ ಆರುತ್ತಾ ಉಗುರುಬೆಚ್ಚಗೆ ಬಂದಾಗ ಅದು ಎದ್ದು ಬೆಳೆಯುತ್ತೆ, ವಿಷ ಬಿಡುತ್ತೆ. ಆ ವಿಷ ಒಗ್ಗರಣೆಗೂ ಕುದಿಗೂ ಬಗ್ಗಲ್ಲ. ಬೆಳಿಗ್ಗೆ ಕುದಿಸಿದಾಗ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಅಲ್ಲೇ ಇರುತ್ತೆ. ತಿಂದು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಬಂದರೆ ಇದರ ಮೇಲೆ ಅನುಮಾನ ಇರಲಿ. ಅಕ್ಕನ ಮಗಳಿಗೆ ಹೊತ್ತು ಹೊಂದುತ್ತೆ. ಇದೇ ಬ್ಯಾಕ್ಟೀರಿಯಾದಿಂದ ಬೇಧಿ ಆಗುವುದೂ ಉಂಟು, ಆದರೆ ಅದು ತಡವಾಗಿ ಬರುತ್ತೆ.

ನನ್ನ ಪೆಟ್ಟು ಏನು ಅಂದರೆ, 8 ಕಿಲೋ ಅಕ್ಕಿಯ ಅನ್ನ ಒಂದೇ ಹಂಡೆಯಲ್ಲಿ ಮುಚ್ಚಿಟ್ಟೆ. ಮೇಲೆ ಮುಟ್ಟಿದರೆ ತಣ್ಣಗೆ, ನಾಲ್ಕು ಗಂಟೆ ಆದಮೇಲೆ ಕೈ ಹಾಕಿದರೆ ನಡುವೆ ಇನ್ನೂ ಬೆಚ್ಚಗೆ. ಹನ್ನೊಂದು ಜನ ಮಲಗಿದರು, ಪಾರ್ಟಿ 6,000 ಹಿಡಿದುಕೊಂಡರು. ಆಮೇಲೆ 450 ಕೊಟ್ಟು ಅಡುಗೆ ಥರ್ಮಾಮೀಟರ್ ತಂದೆ. ಈಗ ಅನ್ನವನ್ನು ಪರಾತದಲ್ಲಿ ಎರಡು ಬೆರಳ ದಪ್ಪ ಹರಡಿ ಫ್ಯಾನ್ ಹಾಕ್ತೀನಿ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಆಮೇಲೆ ನಾಲ್ಕು ಗಂಟೆಯೊಳಗೆ ಫ್ರಿಜ್‌ನಲ್ಲಿ 5ರ ಹತ್ತಿರ. ನಮ್ಮ ಬೇಸಿಗೆಯಲ್ಲಿ 21 ಅಂದರೆ ಫ್ಯಾನಿಗೂ ಆಗಲ್ಲ, ಆವಿ ಇಳಿದ ಕೂಡಲೇ ಚಪ್ಪಟೆ ಡಬ್ಬಿಗೆ ಹಾಕಿ ಫ್ರಿಜ್‌ಗೆ. ನುಚ್ಚು ಇನ್ನೂ ಕಷ್ಟ, ಗಟ್ಟಿ, ಒಳಗಿನ ಬಿಸಿ ಬಿಡುವುದೇ ಇಲ್ಲ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕಲಕುತ್ತಿರಬೇಕು. ಫ್ರಿಜ್ ಇಲ್ಲದ ಹುಡುಗ, ಮುಚ್ಚಿದ ಕುಕ್ಕರ್ ಅಂತೂ ಬೇಡ. ಉಳಿಯದಷ್ಟೇ ಅಕ್ಕಿ ಅಳೆ.

ನವನಗರ ಅಣ್ಣ: ಫ್ರಿಜ್ ಅಂದರೆ ನನಗೆ ಮೈ ಉರಿಯುತ್ತೆ. 14,500 ಕೊಟ್ಟೆ, ಎಂಟು ತಿಂಗಳಿಗೆ ಕಂಪ್ರೆಸರ್ ಹೋಯ್ತು, ರಿಪೇರಿ 4,200. ಕರೆಂಟ್ ಹೋದಾಗೆಲ್ಲ ಹಾಲು ಒಡೆಯುತ್ತೆ. ಫ್ರಿಜ್ ತಗೋಬೇಡ ತಮ್ಮಾ.

ಗದಗ ಅಡುಗೆ ಭಟ್ಟ: ಅವನು ಫ್ರಿಜ್ ತಗೊಳ್ಳಲಾ ಅಂತ ಕೇಳಿಲ್ಲ ಅಣ್ಣಾರ.

ಹುಬ್ಬಳ್ಳಿ ನಿವೃತ್ತ: ಹಾಗಾದರೆ ಅಂಬಲಿ? ನಮ್ಮವ್ವ ಜೋಳದ ಅಂಬಲಿಯನ್ನು ರಾತ್ರಿಯಿಡೀ ಮಡಕೆಯಲ್ಲೇ ಇಡುತ್ತಿದ್ದಳು. ಯಾರಿಗೆ ಏನಾಯ್ತು?

ಗದಗ ಅಡುಗೆ ಭಟ್ಟ: ಅದು ಬೇರೆ. ಹುಳಿ ಮಜ್ಜಿಗೆ ಹಾಕಿ ಬಿಟ್ಟಾಗ ಹುಳಿ ಬೇಗ ಏರುತ್ತೆ, ಹುಳಿ ಜಾಸ್ತಿ ಇದ್ದಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲ್ಲ. ಸಪ್ಪೆ ನುಚ್ಚಿಗೆ ಆ ಕಾವಲಿಲ್ಲ. ಆದರೂ ಎಷ್ಟು ಹುಳಿ ಸಾಕು ಅಂತ ನಾಲಿಗೆ ಮೇಲೆ ಹೇಳೋದು ಕಷ್ಟ. ತೆಳ್ಳಗಿನ ಮಜ್ಜಿಗೆ ನಾಲ್ಕು ಚಮಚ ಹಾಕಿ ಅಂಬಲಿ ಅಂದರೆ ನಾನು ಒಪ್ಪಲ್ಲ.

ಹಾವೇರಿ ಅಕ್ಕ: ನಾನೂ ಆವತ್ತು ಅನ್ನಕ್ಕೆ ಮಜ್ಜಿಗೆ ಹಾಕಿಟ್ಟಿದ್ದರೆ ಬುತ್ತಿ ಆಗುತ್ತಿತ್ತಾ?

ಹುಬ್ಬಳ್ಳಿ ನಿವೃತ್ತ: ಬುತ್ತಿ ಅಂದರೆ ಮೊಸರು, ಹುಳಿ ಮಜ್ಜಿಗೆ ಅಲ್ಲ. ಇಷ್ಟೂ ಗೊತ್ತಿಲ್ವಾ?

ಹಾವೇರಿ ಅಕ್ಕ: ನಮ್ಮ ಕಡೆ ಎರಡೂ ಹಾಕ್ತೇವೆ. ನಿಮ್ಮ ಹುಬ್ಬಳ್ಳಿ ಪದ್ಧತಿ ನಿಮಗಿರಲಿ.

ಧಾರವಾಡ ರೂಮ್ ಹುಡುಗ: ಜಗಳ ಬಿಡಿ. ಒಬ್ಬನೇ ವಾಂತಿ ಮಾಡಿದ, ನಾವಿಬ್ಬರೂ ಅದನ್ನೇ ತಿಂದಿದ್ದೆವು. ಯಾಕೆ?

ಗದಗ ಅಡುಗೆ ಭಟ್ಟ: ಅವನ ತಟ್ಟೆಗೆ ಕುಕ್ಕರಿನ ನಡುವಿನದ್ದು ಬಿತ್ತೇನೋ. ನಿಮ್ಮಿಬ್ಬರ ಹೊಟ್ಟೆ ಗಟ್ಟಿ ಇರಬಹುದು. ಅವನು ಹೊರಗೆ ಬೇರೆ ಏನಾದರೂ ತಿಂದಿದ್ದನಾ? ತಿಂದು ಎಷ್ಟು ಹೊತ್ತಿಗೆ ಬಂತು, ಅದನ್ನು ಕೇಳು ಮೊದಲು.