ಸಹಾಯ ಬೇಕು: ರದ್ದಾದ ಪ್ರವಾಸದ ಬಸ್ ಮುಂಗಡ ಯಾರ ತಲೆ ಮೇಲೆ?

ಈ ಭಾನುವಾರದ ಒಂದು ದಿನದ ಪ್ರವಾಸವನ್ನು ನಿನ್ನೆ ರಾತ್ರಿ ರದ್ದು ಮಾಡಿದೆ. ಒಟ್ಟು 40 ಜನ ಹಣ ಕಟ್ಟಿದ್ದರು. ಜೋರು ಮಳೆಯ ಮುನ್ಸೂಚನೆ ಬಂದಿದ್ದೇ ತಡ, "ನಾನಿಲ್ಲ, ನಾನಿಲ್ಲ" ಅಂತ ಒಬ್ಬೊಬ್ಬರೇ ಜಾರಿಕೊಂಡು 24 ಜನ ಉಳಿದರು. ಅರ್ಧ ಖಾಲಿ ಬಸ್ಸಲ್ಲಿ, ಅದೂ ಮಳೆಯಲ್ಲಿ, ಸುಮ್ನೆ ಯಾಕೆ ಅನ್ನಿಸಿತು.

ಊಟದ ಹಣ ಇನ್ನೂ ಕೊಟ್ಟಿರಲಿಲ್ಲ, ಅದು ಪೂರ್ತಿ ವಾಪಸ್. ತೊಂದರೆ ಇರುವುದು ಬಸ್ ಮುಂಗಡದ್ದು. ಅದು ಒಟ್ಟು ಸಂಗ್ರಹದ ಕಾಲು ಭಾಗ, ಅಂದರೆ 10 ಜನ ಕಟ್ಟಿದಷ್ಟು ಹಣ. ಬಸ್ಸಿನವರನ್ನು ಎರಡು ಸಲ ಕೇಳಿದೆ. ಹಣ ವಾಪಸ್ ಇಲ್ಲ, ಆದರೆ ಎರಡು ತಿಂಗಳೊಳಗೆ ಒಂದು ಸಲ ದಿನ ಬದಲಿಸಿಕೊಳ್ಳಬಹುದು ಅಂದರು. ಅದನ್ನು ಬರೆದು ಕಳಿಸಿ ಅಂತ ಕೇಳಿ ಮೆಸೇಜ್ ತರಿಸಿಕೊಂಡಿದ್ದೇನೆ.

ಹಾಗಾಗಿ ಮುಂದಿನ ತಿಂಗಳು ಹೋಗೋಣ ಎಂದು ಕೇಳಿದೆ. 24 ಜನ ಒಪ್ಪಿದರು. ಉಳಿದ 16 ಜನ ಪೂರ್ತಿ ಹಣ ಕೇಳುತ್ತಿದ್ದಾರೆ. "ಪ್ರವಾಸವೇ ಆಗಲಿಲ್ಲ ಅಲ್ವಾ?" ಅನ್ನುವುದು ಅವರ ವಾದ. ಆದರೆ ಅವರು ಬಿಟ್ಟಿದ್ದು ನಾನು ರದ್ದು ಮಾಡುವ ಮೊದಲು. ಅವರಿಗೆ ಪೂರ್ತಿ ಕೊಟ್ಟರೆ ಮುಂಗಡದಲ್ಲಿ ಅವರ ಪಾಲು, ಅಂದರೆ ನಾಲ್ಕು ಜನ ಕಟ್ಟಿದಷ್ಟು ಹಣ, ಉಳಿದ 24 ಜನರ ಮೇಲೆ ಬೀಳುತ್ತದೆ. ಮೊದಲೇ ನಿಯಮ ಹೇಳದೇ ಇದ್ದದ್ದು ನನ್ನದೇ ತಪ್ಪು, ಒಪ್ಪುತ್ತೇನೆ.

ಈಗ ಮುಕ್ಕಾಲು ಭಾಗ ಕೊಟ್ಟು, ಅವರ ಸೀಟಿಗೆ ಹೊಸಬರು ಸಿಕ್ಕಿದರೆ ಮಾತ್ರ ಉಳಿದ ಕಾಲು ಭಾಗ ಕೊಡುವುದು ಸರಿಯೇ? ಅಥವಾ ಈಗಲೇ ಪೂರ್ತಿ ಕೊಡಬೇಕೇ? ಇಂಥದ್ದನ್ನು ನಿಭಾಯಿಸಿದವರು ಏನು ಮಾಡಿದಿರಿ ಹೇಳಿ.